ಒಂದೇ ಮಾರ್ಕ್ಸ್ ಕಾರ್ಡು, ಮೂರು ಪರ್ಸೆಂಟೇಜು

ಕೆಲವು ವರ್ಷಗಳ ಹಿಂದೆ ಅಕ್ಕನ ಮಗಳ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಾನು ಅವರ ಮನೆಯಲ್ಲೇ ಇದ್ದೆ. ಕನ್ನಡಕ್ಕೆ 123, ಇಂಗ್ಲಿಷಿಗೆ 78, ಹಿಂದಿಗೆ 84, ಗಣಿತಕ್ಕೆ 61, ವಿಜ್ಞಾನಕ್ಕೆ 66, ಸಮಾಜಕ್ಕೆ 82. ಒಟ್ಟು 494. ಭಾವ ಆಗಲೇ ಫೋನಿನಲ್ಲಿ ಲೆಕ್ಕ ಮಾಡಿ ಮುಗಿಸಿದ್ದರು. ಆರು ವಿಷಯ ಅಂದರೆ ಆರುನೂರು, ಹಾಗಾಗಿ 82.33 ಪರ್ಸೆಂಟ್. ಪಕ್ಕದ ಮನೆಯ ಮೇಷ್ಟ್ರು ತಲೆಯಾಡಿಸಿದರು. ಕನ್ನಡ ನೂರಕ್ಕಲ್ಲ, ನೂರಿಪ್ಪತ್ತೈದಕ್ಕೆ, ಆದ್ದರಿಂದ ಮೊದಲು ಅದನ್ನು ಶೇಕಡಾಕ್ಕೆ ಇಳಿಸಬೇಕು ಎಂದರು. 123 ಅಂದರೆ 98.4. ಆರೂ ವಿಷಯಗಳ ಶೇಕಡಾ ಕೂಡಿಸಿ ಆರರಿಂದ ಭಾಗಿಸಿದರೆ 78.23. ಮಾರ್ಕ್ಸ್ ಕಾರ್ಡು ಎರಡನ್ನೂ ಒಪ್ಪಲಿಲ್ಲ. ಅದರ ಲೆಕ್ಕ 625ಕ್ಕೆ 494, ಅಂದರೆ 79.04.

ಭಾವನ ತಪ್ಪು ಸುಲಭವಾಗಿ ಗೊತ್ತಾಗುತ್ತದೆ. ಭಾಗಿಸಬೇಕಾದ ಸಂಖ್ಯೆಯೇ ಬೇರೆ. ಮೇಷ್ಟ್ರ ತಪ್ಪು ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ಅವರು ಕನ್ನಡವನ್ನು ಶೇಕಡಾಕ್ಕೆ ಇಳಿಸಿದ್ದು ಸರಿ, ಕೂಡಿಸಿದ್ದು ಸರಿ, ಭಾಗಿಸಿದ್ದೂ ಸರಿ. ಆದರೂ ಮುಕ್ಕಾಲು ಪರ್ಸೆಂಟಿಗಿಂತ ಹೆಚ್ಚು ಎಲ್ಲೋ ಸೋರಿಹೋಯಿತು. ಎಲ್ಲಿ?

ಇದಕ್ಕೆ ಉತ್ತರ ಅಕ್ಕನ ಅಡುಗೆಮನೆಯಲ್ಲಿತ್ತು. ವರ್ಷಕ್ಕೊಮ್ಮೆ ಸಾರಿನ ಪುಡಿ ಮಾಡಿಸುವಾಗ ಒಂದು ಕಿಲೋ ಬ್ಯಾಡಗಿ ಮೆಣಸಿನಕಾಯಿಗೆ ಮೂರು ಕಿಲೋ ಕೊತ್ತಂಬರಿ ಬೀಜ ಹಾಕುತ್ತಾಳೆ ಎನ್ನಿ. ಮೆಣಸಿನಕಾಯಿ ಕಿಲೋಗೆ 400 ರೂಪಾಯಿ, ಕೊತ್ತಂಬರಿ 120. ಎರಡರ ಸರಾಸರಿ 260 ಎಂದು ಯಾರಾದರೂ ಹೇಳಿದರೆ ಅಕ್ಕ ನಗುತ್ತಾಳೆ. ಅವಳ ಲೆಕ್ಕ ಹೀಗೆ: ಮೆಣಸಿನಕಾಯಿಗೆ 400, ಕೊತ್ತಂಬರಿಗೆ 360, ಒಟ್ಟು 760, ನಾಲ್ಕು ಕಿಲೋಗೆ ಹಂಚಿದರೆ ಕಿಲೋಗೆ 190. ಕೊತ್ತಂಬರಿ ಮೂರು ಪಾಲು ಇರುವುದರಿಂದ ಪುಡಿಯ ಬೆಲೆ ಕೊತ್ತಂಬರಿಯ ಕಡೆಗೆ ವಾಲುತ್ತದೆ. ತೂಕದ ಸರಾಸರಿ ಅಂದರೆ ಇಷ್ಟೇ. ಬೆಲೆಯನ್ನು ತೂಕದಿಂದ ಗುಣಿಸು, ಎಲ್ಲವನ್ನೂ ಕೂಡಿಸು, ಒಟ್ಟು ತೂಕದಿಂದ ಭಾಗಿಸು. ಮೇಷ್ಟ್ರು ಮಾಡಿದ್ದು ಮೆಣಸಿನಕಾಯನ್ನೂ ಕೊತ್ತಂಬರಿಯನ್ನೂ ಸಮಸಮ ಎಂದುಕೊಂಡು ಹಾಕಿದ ಲೆಕ್ಕ.

ಮಾರ್ಕ್ಸ್ ಕಾರ್ಡಿನಲ್ಲಿ 'ತೂಕ' ಎಂಬ ಪದ ಎಲ್ಲೂ ಇಲ್ಲ. ಅದು ಗರಿಷ್ಠ ಅಂಕದಲ್ಲಿ ಅಡಗಿಕೊಂಡಿದೆ. 625ರಲ್ಲಿ ಪ್ರಥಮ ಭಾಷೆಯ ಪಾಲು 125, ಅಂದರೆ ನೂರಕ್ಕೆ ಇಪ್ಪತ್ತು. ಉಳಿದ ಐದು ವಿಷಯಗಳದ್ದು ತಲಾ ನೂರು, ಅಂದರೆ ನೂರಕ್ಕೆ ಹದಿನಾರು. ಈಗ ಮೇಷ್ಟ್ರ ಶೇಕಡಾಗಳನ್ನೇ ಇಟ್ಟುಕೊಂಡು ಅಕ್ಕನ ಲೆಕ್ಕ ಹಾಕೋಣ. ಕನ್ನಡದ 98.4ನ್ನು 20ರಿಂದ ಗುಣಿಸಿದರೆ 1968. ಉಳಿದ ಐದು ವಿಷಯಗಳ ಮೊತ್ತ 371, ಅದನ್ನು 16ರಿಂದ ಗುಣಿಸಿದರೆ 5936. ಎರಡೂ ಸೇರಿ 7904. ತೂಕಗಳ ಮೊತ್ತ ನೂರು, ಅದರಿಂದ ಭಾಗಿಸಿದರೆ 79.04. ಕಾರ್ಡಿನ ಸಂಖ್ಯೆ ಕೂದಲೆಳೆಯಷ್ಟೂ ಆಚೀಚೆಯಾಗದೆ ಬಂತು.

ಹಾಗಂತ ಮೇಷ್ಟ್ರ ಪದ್ಧತಿ ಯಾವಾಗಲೂ ಕಡಿಮೆಯನ್ನೇ ತೋರಿಸುತ್ತದೆ ಎಂದಲ್ಲ. ಕನ್ನಡದಲ್ಲಿ 125ಕ್ಕೆ 75 ತೆಗೆದು ಉಳಿದ ಐದರಲ್ಲಿ 91, 88, 98, 95, 90 ತೆಗೆದ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಅವನ ಒಟ್ಟು 537, ನಿಜವಾದ ಶೇಕಡಾ 85.92. ಮೇಷ್ಟ್ರ ಲೆಕ್ಕದಲ್ಲಿ ಅವನಿಗೆ 87 ಬರುತ್ತದೆ. ಭಾರದ ವಿಷಯದಲ್ಲಿ ಸೋತವನಿಗೆ ಸಾದಾ ಸರಾಸರಿ ಉದಾರ, ಗೆದ್ದವಳಿಗೆ ಜಿಪುಣ. ಎಲ್ಲ ವಿಷಯದಲ್ಲೂ ಒಂದೇ ಶೇಕಡಾ ತೆಗೆದವರಿಗೆ ಮಾತ್ರ ಯಾವ ಲೆಕ್ಕ ಹಾಕಿದರೂ ಒಂದೇ ಉತ್ತರ.

ಇಲ್ಲಿಯವರೆಗೆ ಕಷ್ಟವೇನಿಲ್ಲ. ಯಾಕೆಂದರೆ ಒಟ್ಟು ಅಂಕವನ್ನು ಒಟ್ಟು ಗರಿಷ್ಠದಿಂದ ಭಾಗಿಸಿದರೆ ತೂಕ ತಾನಾಗಿಯೇ ಸರಿಹೋಗುತ್ತದೆ. ತೂಕ ಒಂದು ಕಡೆ, ಗರಿಷ್ಠ ಅಂಕ ಇನ್ನೊಂದು ಕಡೆ ಎಳೆಯತೊಡಗಿದಾಗ ನಿಜವಾದ ತೊಡಕು ಶುರುವಾಗುತ್ತದೆ. ಕರ್ನಾಟಕದ ಮನೆಮನೆಗೂ ಗೊತ್ತಿರುವ ಅಂಥ ಲೆಕ್ಕವೆಂದರೆ ಎಂಜಿನಿಯರಿಂಗ್ ಸೀಟಿನ ಸಿಇಟಿ ರ‍್ಯಾಂಕು.

ಅಲ್ಲಿನ ನಿಯಮ ಹೇಳುವುದಕ್ಕೆ ಸರಳ. ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಗೆ ಅರ್ಧ, ಅದೇ ಮೂರು ವಿಷಯಗಳ ಸಿಇಟಿ ಅಂಕಗಳಿಗೆ ಅರ್ಧ. ಆದರೆ ಪಿಯುಸಿಯಲ್ಲಿ ಮೂರೂ ಸೇರಿ 300 ಅಂಕ, ಸಿಇಟಿಯಲ್ಲಿ ವಿಷಯಕ್ಕೆ 60ರಂತೆ 180. ಎರಡು ಅಳತೆಪಟ್ಟಿಗಳ ಉದ್ದ ಬೇರೆ ಬೇರೆ.

ಇಬ್ಬರು ಗೆಳತಿಯರನ್ನು ತೆಗೆದುಕೊಳ್ಳಿ. ಮೊದಲನೆಯವಳಿಗೆ ಪಿಯುಸಿಯಲ್ಲಿ 294, ಸಿಇಟಿಯಲ್ಲಿ 90. ಎರಡನೆಯವಳಿಗೆ ಪಿಯುಸಿಯಲ್ಲಿ 270, ಸಿಇಟಿಯಲ್ಲಿ 108. ಅಂಕಗಳನ್ನು ಸುಮ್ಮನೆ ಕೂಡಿಸಿದರೆ ಮೊದಲನೆಯವಳದ್ದು 384, ಎರಡನೆಯವಳದ್ದು 378. ಮೊದಲನೆಯವಳೇ ಮುಂದೆ ಎಂದು ಯಾರಾದರೂ ಹೇಳುತ್ತಾರೆ. ಆದರೆ ಹೀಗೆ ಕೂಡಿಸಿದ ತಕ್ಷಣ ಅರ್ಧ-ಅರ್ಧ ಎಂಬ ನಿಯಮ ನಮಗೆ ಗೊತ್ತಿಲ್ಲದಂತೆ ಮುರಿದುಹೋಯಿತು. 480ರಲ್ಲಿ 300 ಅಂದರೆ ಪಿಯುಸಿಗೆ ನೂರಕ್ಕೆ 62.5ರ ತೂಕ ಕೊಟ್ಟಂತಾಯಿತು, ಸಿಇಟಿಗೆ ಬರೀ 37.5. ಎರಡನ್ನೂ 0.5ರಿಂದ ಗುಣಿಸಿ ಆಮೇಲೆ ಕೂಡಿಸಿದರೂ ಅಷ್ಟೇ. ಒಟ್ಟು ಅರ್ಧವಾಗುತ್ತದೆ, ಯಾರು ಮುಂದೆ ಎಂಬುದು ಬದಲಾಗುವುದಿಲ್ಲ. ಕೈಬರಹದ ಲೆಕ್ಕದಲ್ಲೂ ಕಂಪ್ಯೂಟರಿನ ಲೆಕ್ಕದಲ್ಲೂ ಜನ ಹೆಚ್ಚಾಗಿ ಎಡವುವುದು ಇಲ್ಲಿಯೇ: ತೂಕವನ್ನು ಅಂಕಕ್ಕೆ ಕಟ್ಟುತ್ತಾರೆ, ಕಟ್ಟಬೇಕಾದದ್ದು ಶೇಕಡಾಕ್ಕೆ.

ಸರಿಯಾದ ದಾರಿಯಲ್ಲಿ ಮೊದಲು ಎರಡನ್ನೂ ನೂರರ ಅಳತೆಗೆ ತರಬೇಕು. ಮೊದಲನೆಯವಳ ಪಿಯುಸಿ 98, ಸಿಇಟಿ 50. ಅರ್ಧರ್ಧ ತೆಗೆದರೆ 49 ಮತ್ತು 25, ಸೇರಿ 74. ಎರಡನೆಯವಳದ್ದು 90 ಮತ್ತು 60. ಅರ್ಧರ್ಧ 45 ಮತ್ತು 30, ಸೇರಿ 75. ಹಿಂದಿದ್ದವಳು ಮುಂದೆ ಬಂದಳು. ಇಲ್ಲಿ ಒಂದು ಪರ್ಸೆಂಟಿನ ಅಂತರ ಅಂದರೆ ರ‍್ಯಾಂಕಿನ ಪಟ್ಟಿಯಲ್ಲಿ ಸಣ್ಣದಲ್ಲ ಎಂಬುದು ಆ ಪಟ್ಟಿ ನೋಡಿದವರಿಗೆಲ್ಲ ಗೊತ್ತು.

ಈ ಲೆಕ್ಕದ ಹೊಟ್ಟೆಯೊಳಗೆ ಇನ್ನೊಂದು ಉಪಯೋಗದ ಸಂಗತಿ ಇದೆ. ಒಂದು ಅಂಕಕ್ಕೆ ಕೊನೆಯ ಫಲಿತಾಂಶದಲ್ಲಿ ಎಷ್ಟು ಬೆಲೆ? ಪಿಯುಸಿಯ 300 ಅಂಕ 50 ಪರ್ಸೆಂಟ್ ತರುತ್ತದೆ, ಹಾಗಾಗಿ ಒಂದು ಅಂಕಕ್ಕೆ ಸುಮಾರು 0.167. ಸಿಇಟಿಯ 180 ಅಂಕ ಅದೇ 50 ತರುತ್ತದೆ, ಒಂದು ಅಂಕಕ್ಕೆ ಸುಮಾರು 0.278. ಐದು ಪಿಯುಸಿ ಅಂಕ ಕೊಟ್ಟರೆ ಮೂರು ಸಿಇಟಿ ಅಂಕ ಸಿಗುವ ಸಂತೆ ಇದು. ಸಿಇಟಿಯಲ್ಲಿ ಒಂದು ಪ್ರಶ್ನೆಗೆ ಒಂದೇ ಅಂಕವಾದ್ದರಿಂದ, ಅಲ್ಲಿ ಮೂರು ಸರಿಯುತ್ತರ ಹೆಚ್ಚು ಬರೆದವರೂ ಪಿಯುಸಿಯಲ್ಲಿ ಐದು ಅಂಕ ಹೆಚ್ಚು ತಂದವರೂ ಸಮ. ತೂಕ ಒಂದೇ ಇದ್ದರೂ ಚಿಕ್ಕ ಪರೀಕ್ಷೆಯ ಅಂಕ ದುಬಾರಿ.

ಆದರೂ 'ಅರ್ಧ-ಅರ್ಧ' ಎಂದು ಬರೆದದ್ದು ನಿಜವಾಗಿ ಅರ್ಧ-ಅರ್ಧವೇ? ನನಗೆ ಈ ವಿಷಯದಲ್ಲಿ ಅತ್ಯಂತ ಕುತೂಹಲ ಹುಟ್ಟಿಸಿದ ಪ್ರಶ್ನೆ ಇದು. ಒಂದೇ ಕಾಲೇಜಿನ ಐವರನ್ನು ಕಲ್ಪಿಸಿಕೊಳ್ಳೋಣ. ಪಿಯುಸಿಯಲ್ಲಿ ಅವರ ಶೇಕಡಾ ಕ್ರಮವಾಗಿ 98, 97, 96, 95, 94. ಸಿಇಟಿಯಲ್ಲಿ ಅದೇ ಕ್ರಮದಲ್ಲಿ 45, 50, 55, 60, 65. ಪಿಯುಸಿಯಲ್ಲಿ ಮೊದಲಿದ್ದವನು ಸಿಇಟಿಯಲ್ಲಿ ಕೊನೆ, ಕೊನೆಯಲ್ಲಿದ್ದವನು ಮೊದಲು. ಎರಡೂ ಸಮತೂಕವಾಗಿದ್ದರೆ ಇವು ಒಂದನ್ನೊಂದು ಹೊಡೆದುಹಾಕಿ ಎಲ್ಲರೂ ಒಂದೇ ಕಡೆ ಬಂದು ನಿಲ್ಲಬೇಕಲ್ಲವೇ? ಹಾಗಾಗುವುದಿಲ್ಲ. ಉತ್ತರ ಬರುವುದು 71.5, 73.5, 75.5, 77.5, 79.5. ಸಿಇಟಿಯ ಕ್ರಮ ಎಷ್ಟು ಅಚ್ಚುಕಟ್ಟಾಗಿ ಉಳಿಯಿತೆಂದರೆ ಪಿಯುಸಿ ಇತ್ತೋ ಇಲ್ಲವೋ ಎನ್ನಿಸುತ್ತದೆ.

ಕಾರಣ, ಪಿಯುಸಿಯಲ್ಲಿ ಮೊದಲನೆಯವನಿಗೂ ಕೊನೆಯವನಿಗೂ ನಾಲ್ಕೇ ಪರ್ಸೆಂಟಿನ ಅಂತರ. ಸಿಇಟಿಯಲ್ಲಿ ಇಪ್ಪತ್ತು. ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಅಂಕ ಕೊಡುವ ಪರೀಕ್ಷೆ ಯಾರನ್ನೂ ಬೇರ್ಪಡಿಸುವುದಿಲ್ಲ. ಅದಕ್ಕೆ ಎಷ್ಟೇ ತೂಕ ಕೊಟ್ಟರೂ ಅದು ಎಲ್ಲರನ್ನೂ ಒಟ್ಟಿಗೆ ಮೇಲೆತ್ತುತ್ತದೆ ಅಷ್ಟೇ, ಸಾಲನ್ನು ಕದಲಿಸುವುದಿಲ್ಲ. ಸಾಲನ್ನು ಕದಲಿಸುವ ಶಕ್ತಿ ಇರುವುದು ತೂಕದಲ್ಲೂ ಹರವಿನಲ್ಲೂ, ಎರಡೂ ಗುಣಿಸಿಕೊಂಡು. ನಿಯಮಪುಸ್ತಕದಲ್ಲಿ ಬರೆದಿರುವುದು ಹೇಳಿಕೆಯ ತೂಕ. ಅಂಕಗಳು ಎಷ್ಟು ಹರಡಿಕೊಂಡಿವೆ ಎಂಬುದರಿಂದ ಹುಟ್ಟುವುದು ನಡೆಯುವ ತೂಕ. ಶಾಲೆಯಲ್ಲಿ ಆಂತರಿಕ ಮೌಲ್ಯಮಾಪನಕ್ಕೆ ಇಪ್ಪತ್ತು ಅಂಕ ಇಟ್ಟು ಎಲ್ಲರಿಗೂ ಹದಿನೆಂಟೋ ಹತ್ತೊಂಬತ್ತೋ ಕೊಟ್ಟುಬಿಟ್ಟರೆ ಆ ಇಪ್ಪತ್ತರ ನಡೆಯುವ ತೂಕ ಬಹುಮಟ್ಟಿಗೆ ಸೊನ್ನೆ. ಇದು ಮೇಷ್ಟ್ರುಗಳಿಗೂ ಗೊತ್ತು, ಮಕ್ಕಳಿಗೆ ಇನ್ನೂ ಚೆನ್ನಾಗಿ ಗೊತ್ತು.

ಇದಕ್ಕೆ ಮದ್ದಿಲ್ಲವೆಂದಲ್ಲ. ಶೇಕಡಾಗಳನ್ನು ನೇರವಾಗಿ ಕೂಡಿಸುವ ಬದಲು, ಪ್ರತಿಯೊಬ್ಬರೂ ಆ ಪರೀಕ್ಷೆಯ ಗುಂಪಿನಲ್ಲಿ ಎಷ್ಟು ಮಂದಿಗಿಂತ ಮುಂದಿದ್ದಾರೆ ಎಂದು ನೋಡಿ ಆ ಸ್ಥಾನಗಳಿಗೆ ತೂಕ ಕಟ್ಟಬಹುದು. ಪರ್ಸೆಂಟೈಲ್ ಎನ್ನುವುದು ಇದನ್ನೇ. 2013ರಿಂದ 2016ರವರೆಗೆ ಜೆಇಇ ಮೇನ್ ರ‍್ಯಾಂಕಿನಲ್ಲಿ ಪ್ರವೇಶ ಪರೀಕ್ಷೆಗೆ 60, ಹನ್ನೆರಡನೆಯ ತರಗತಿಯ ಬೋರ್ಡ್ ಅಂಕಕ್ಕೆ 40ರ ತೂಕವಿತ್ತು. ಬೋರ್ಡಿನಿಂದ ಬೋರ್ಡಿಗೆ ಅಂಕ ಕೊಡುವ ಕೈ ಬೇರೆಯಾದ್ದರಿಂದ ಅಂಕಗಳನ್ನು ನೇರವಾಗಿ ಸೇರಿಸದೆ ಪರ್ಸೆಂಟೈಲಿನ ಮೂಲಕ ಒಂದೇ ಅಳತೆಗೆ ತರುತ್ತಿದ್ದರು. ತನ್ನ ಅಂಕ ಇಷ್ಟೆಂದು ಗೊತ್ತಿದ್ದರೂ ಲೆಕ್ಕಕ್ಕೆ ಸಿಗುವ ಅಂಕ ಎಷ್ಟೆಂದು ಹುಡುಗರಿಗೆ ಮನೆಯಲ್ಲಿ ಕೂತು ಹೇಳಲಾಗುತ್ತಿರಲಿಲ್ಲ, ಯಾಕೆಂದರೆ ಅದು ಬೇರೆಯವರ ಅಂಕವನ್ನೂ ಅವಲಂಬಿಸಿತ್ತು. 2017ರಿಂದ ಬೋರ್ಡ್ ಅಂಕವನ್ನು ರ‍್ಯಾಂಕಿನಿಂದ ಕೈಬಿಟ್ಟರು.

ಬೇರೆ ಬೇರೆ ಮೂಲದ ಅಂಕಗಳನ್ನು ಒಂದೇ ತಕ್ಕಡಿಗೆ ಹಾಕಿದರೆ ಏನಾಗುತ್ತದೆ ಎಂಬುದನ್ನು ನಮ್ಮ ರಾಜ್ಯವೇ ಕೋವಿಡ್ ಕಾಲದಲ್ಲಿ ಕಂಡಿತು. 2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ನಡೆಯಲಿಲ್ಲ. ಎಸ್ಸೆಸ್ಸೆಲ್ಸಿಗೆ 45, ಪ್ರಥಮ ಪಿಯುಸಿಗೆ 45, ದ್ವಿತೀಯ ಪಿಯುಸಿಯ ಆಂತರಿಕ ಸಾಧನೆಗೆ 10 ಎಂಬ ತೂಕದಲ್ಲಿ ಫಲಿತಾಂಶ ಕಟ್ಟಿದರು. ವಿಷಯವಾರು ವಿವರಗಳನ್ನು ಬದಿಗಿಟ್ಟು ಬರೀ ಎಲುಬುಗೂಡು ನೋಡುವುದಾದರೆ, ಒಬ್ಬನಿಗೆ ಈ ಮೂರರಲ್ಲಿ 89.6, 82, 95 ಇದ್ದರೆ 40.32, 36.9, 9.5 ಸೇರಿ 86.72 ಆಗುತ್ತದೆ. ಆಂತರಿಕದಲ್ಲಿ 95 ಬಂದರೂ ತೂಕ ಹತ್ತೇ ಆದ್ದರಿಂದ ಅದು ಫಲಿತಾಂಶವನ್ನು ಮೇಲೆ ಎಳೆದದ್ದು ಸ್ವಲ್ಪವೇ. ಆ ವರ್ಷ ಸಿಇಟಿ ರ‍್ಯಾಂಕಿಗೆ ಪಿಯುಸಿ ಅಂಕವನ್ನು ಹಿಡಿಯಲಿಲ್ಲ, ಸಿಇಟಿ ಅಂಕ ಮಾತ್ರ. ಜಗಳ ಬಂದದ್ದು ಮರುವರ್ಷ. 2022ರಲ್ಲಿ ಪರೀಕ್ಷೆ ಬರೆದು ಪಾಸಾದ ಹೊಸಬರಿಗೆ ಅರ್ಧ-ಅರ್ಧದ ನಿಯಮ ಮರಳಿತ್ತು. 2021ರ ಬ್ಯಾಚಿನವರು ಮತ್ತೆ ಸಿಇಟಿ ಬರೆದಿದ್ದರು, ಅವರ ಪಿಯುಸಿ ಅಂಕವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಪಿಯುಸಿಯ 95 ಪಕ್ಕಕ್ಕಿಲ್ಲದಿದ್ದರೆ ಸಿಇಟಿಯ 55 ಎಲ್ಲಿಗೆ ತಲುಪೀತು? ವಿಷಯ ಹೈಕೋರ್ಟಿಗೆ ಹೋಯಿತು. ಕೊನೆಗೆ ಆ ಬ್ಯಾಚಿನವರ ಪಿಯುಸಿ ಅಂಕದಲ್ಲಿ ಸ್ವಲ್ಪ ಕಳೆದು, ಉಳಿದದ್ದನ್ನು ರ‍್ಯಾಂಕಿಗೆ ಸೇರಿಸುವ ಸೂತ್ರಕ್ಕೆ ಬಂದು ನಿಂತಿತು. ಇಲ್ಲಿ ತೂಕದ ಬಗ್ಗೆ ಯಾರ ತಕರಾರೂ ಇರಲಿಲ್ಲ. ಪರೀಕ್ಷೆ ಬರೆದು ಪಡೆದ 90ಕ್ಕೂ ಸೂತ್ರದಿಂದ ಬಂದ 90ಕ್ಕೂ ಒಂದೇ ಬೆಲೆಯೇ ಎಂಬುದೇ ಪ್ರಶ್ನೆಯಾಗಿತ್ತು. ಅದಕ್ಕೆ ಸರಾಸರಿಯ ಸೂತ್ರದೊಳಗೆ ಉತ್ತರವಿಲ್ಲ.

ಎಂಜಿನಿಯರಿಂಗ್ ಕಾಲೇಜು ಸೇರಿದ ಮೇಲೂ ಇದೇ ತಕ್ಕಡಿ, ಹೆಸರು ಮಾತ್ರ ಕ್ರೆಡಿಟ್. ನಾಲ್ಕು ಕ್ರೆಡಿಟ್ಟಿನ ಗಣಿತದಲ್ಲಿ 6 ಗ್ರೇಡ್ ಪಾಯಿಂಟ್, ಒಂದು ಕ್ರೆಡಿಟ್ಟಿನ ಲ್ಯಾಬಿನಲ್ಲಿ 10 ಬಂದರೆ ಸರಾಸರಿ 8 ಎಂದು ಮನೆಗೆ ಫೋನು ಮಾಡುವಂತಿಲ್ಲ. 24 ಮತ್ತು 10 ಸೇರಿ 34, ಐದರಿಂದ ಭಾಗಿಸಿದರೆ 6.8. ಲ್ಯಾಬು ಎಷ್ಟೇ ಹೊಳೆದರೂ ಗಣಿತವೇ ದೊರೆ.

ಕಂಪ್ಯೂಟರಿನಲ್ಲಿ ಲೆಕ್ಕ ಇಡುವವರು ಒಂದು ಸಾಲಿನಲ್ಲೇ ಇದನ್ನು ಮುಗಿಸಬಹುದು. ಬಿ ಕಾಲಮ್ಮಿನಲ್ಲಿ ಶೇಕಡಾ, ಸಿ ಕಾಲಮ್ಮಿನಲ್ಲಿ ತೂಕ ಇಟ್ಟುಕೊಂಡರೆ ಸಾಕು:

```
=SUMPRODUCT(B2:B7,C2:C7)/SUM(C2:C7)
```

ಇದರಲ್ಲೊಂದು ಹಳ್ಳವಿದೆ. ಇನ್ನೂ ಫಲಿತಾಂಶ ಬಾರದ ಅಥವಾ ವಿನಾಯಿತಿ ಸಿಕ್ಕ ವಿಷಯದ ಶೇಕಡಾ ಜಾಗವನ್ನು ಖಾಲಿ ಬಿಟ್ಟು, ತೂಕವನ್ನು ಮಾತ್ರ ಹಾಗೇ ಉಳಿಸಿದರೆ ಈ ಸಾಲು ಖಾಲಿಯನ್ನು ಸೊನ್ನೆ ಎಂದು ಓದುತ್ತದೆ. 80, 80, ಖಾಲಿ, ಮೂರಕ್ಕೂ ಒಂದೇ ತೂಕ ಅಂದುಕೊಳ್ಳಿ. ಉತ್ತರ 53.33 ಎಂದು ಬಂದು ಮನೆಯವರ ಎದೆ ಧಸಕ್ಕೆನ್ನುತ್ತದೆ. ಆ ವಿಷಯದ ತೂಕವನ್ನೂ ಅಳಿಸಿದರೆ 80ಕ್ಕೆ ಮರಳುತ್ತದೆ. ಪರೀಕ್ಷೆಗೆ ಗೈರಾಗಿ ನಿಜಕ್ಕೂ ಸೊನ್ನೆ ಬಂದವನಿಗೆ ಮಾತ್ರ ಸೊನ್ನೆ ಹಾಕಿ ತೂಕವನ್ನು ಉಳಿಸಬೇಕು. ಇಂಥ ತಪ್ಪುಗಳನ್ನು ಹಿಡಿಯುವ ಸುಲಭ ಉಪಾಯವೊಂದಿದೆ. ಸರಿಯಾಗಿ ಮಾಡಿದ ತೂಕದ ಸರಾಸರಿ ಯಾವಾಗಲೂ ಅತಿ ಕಡಿಮೆ ಶೇಕಡಾಕ್ಕೂ ಅತಿ ಹೆಚ್ಚು ಶೇಕಡಾಕ್ಕೂ ನಡುವೆಯೇ ಇರುತ್ತದೆ. ಅಕ್ಕನ ಸಾರಿನ ಪುಡಿ ಕೊತ್ತಂಬರಿಗಿಂತ ಅಗ್ಗವಾಗಲಾರದು, ಮೆಣಸಿನಕಾಯಿಗಿಂತ ದುಬಾರಿಯೂ ಆಗಲಾರದು. ಇಲ್ಲಿ ಎರಡೂ ವಿಷಯದಲ್ಲಿ 80 ಇದ್ದು ಸರಾಸರಿ 53 ಬಂದಾಗಲೇ ಎಲ್ಲೋ ಕೈ ತಪ್ಪಿದೆ ಎಂದು ತಿಳಿಯಬೇಕು. ಆದರೆ ಮೇಷ್ಟ್ರ 78.23ರಂಥ ತಪ್ಪು ಈ ಜರಡಿಯಲ್ಲಿ ಸಿಕ್ಕಿಬೀಳುವುದಿಲ್ಲ. ಅದಕ್ಕೆ ತೂಕಗಳನ್ನೇ ಇನ್ನೊಮ್ಮೆ ನೋಡಬೇಕು.

ಅಂದು ಪರ್ಸೆಂಟೇಜಿನ ಜಗಳ ಕೇಳುತ್ತಾ ಕೂತಿದ್ದ ಅಕ್ಕನ ಮಗಳು ಆಮೇಲೆ ವಿಜ್ಞಾನ ತೆಗೆದುಕೊಂಡಳು, ಎಸ್ಸೆಸ್ಸೆಲ್ಸಿ ಗಣಿತದ 61 ನೋಡಿದವರೆಲ್ಲ ಬೇಡವೆಂದರೂ. ಪಿಯುಸಿಯಲ್ಲಿ ಮೂರು ವಿಷಯ ಸೇರಿ 279 ಬಂತು. ಸಿಇಟಿ ಫಲಿತಾಂಶ ಬರುವ ಮೊದಲು ಒಂದು ಸಂಜೆ ಫೋನು ಮಾಡಿದಳು.

"ಮಾಮ, ಎರಡೂ ಸೇರಿ ಎಂಬತ್ತು ಪರ್ಸೆಂಟ್ ಆಗಬೇಕಂದ್ರೆ ಸಿಇಟಿಲಿ ಎಷ್ಟು ಬಂದಿರ‍್ಬೇಕು?"

"ನೀನೇ ಹೇಳು."

ಅವಳು ಹಿಂದಿನಿಂದ ಹೊರಟಳು. 279 ಅಂದರೆ 93 ಪರ್ಸೆಂಟ್, ಅದರ ಅರ್ಧ 46.5 ಆಗಲೇ ಕೈಯಲ್ಲಿದೆ. 80ರಿಂದ ಅದನ್ನು ಕಳೆದರೆ 33.5 ಬಾಕಿ. ಸಿಇಟಿಯಿಂದ ಬರಬಹುದಾದದ್ದು 50, ಹಾಗಾಗಿ 50ರಲ್ಲಿ 33.5 ಅಂದರೆ 67 ಪರ್ಸೆಂಟ್. 180ರಲ್ಲಿ 67 ಪರ್ಸೆಂಟ್ 120.6. ಅರ್ಧ ಪ್ರಶ್ನೆಗೆ ಅಂಕ ಕೊಡುವುದಿಲ್ಲವಾದ್ದರಿಂದ 121.

"ಮರುಮೌಲ್ಯಮಾಪನಕ್ಕೆ ಹಾಕಿ ಪಿಯುಸಿಲಿ ಐದು ಮಾರ್ಕ್ಸ್ ಜಾಸ್ತಿ ಬಂದ್ರೆ?" ಎಂದೆ.

ಆ ಕಡೆ ಸ್ವಲ್ಪ ಹೊತ್ತು ಪೆನ್ನಿನ ಸದ್ದು. "284ಕ್ಕೆ 47.33. ಬಾಕಿ 32.67. ಆಗ 117.6, ಅಂದ್ರೆ 118 ಸಾಕು. ಮೂರು ಪ್ರಶ್ನೆ ಉಳೀತು. ಆದ್ರೆ ಎಂಬತ್ತಕ್ಕೆ ಎಷ್ಟನೇ ರ‍್ಯಾಂಕು ಬರುತ್ತೆ ಮಾಮ?"

ಅದನ್ನು ಅವಳ ಅಂಕಗಳಿಂದ ಹೇಳಲು ಬರುವುದಿಲ್ಲ, ಉಳಿದವರೆಲ್ಲರ ಅಂಕ ಬರಬೇಕು ಎಂದೆ. ಅವಳು ಫೋನಿಟ್ಟು ಉತ್ತರಗಳನ್ನು ಎಣಿಸಲು ಕೂತಳು.